ಗ್ಯಾರೇಜಿನ ಪಾರ್ಕಿಂಗ್ ಸೆನ್ಸರ್: ಸರಾಸರಿ ತೆಗೆದರೂ ಬಣ್ಣ ಕುಣಿಯುವುದೇಕೆ?

ಪ್ರಶ್ನೆ: ಗ್ಯಾರೇಜಿನ ಗೋಡೆಗೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ HC-SR04 ಸೆನ್ಸರ್, ಆರ್ಡುಯಿನೋ ಮತ್ತು ಹಸಿರು-ಹಳದಿ-ಕೆಂಪು ಎಲ್‌ಇಡಿ ಹಾಕಿದ್ದೇನೆ. ಕಾರು ನಿಂತಿದ್ದರೂ ಬಣ್ಣ ಬದಲಾಗುತ್ತಲೇ ಇರುತ್ತದೆ. ಐದು ರೀಡಿಂಗ್ ಸರಾಸರಿ ತೆಗೆದರೂ ಪ್ರಯೋಜನ ಇಲ್ಲ. ಏನು ಮಾಡಲಿ?

ಮೊದಲು ಒಂದು ರಟ್ಟಿನ ಹಾಳೆ ತಗೊಂಡು ಕಾರಿನ ಬಂಪರ್ ಮುಂದೆ ನೇರವಾಗಿ ಹಿಡಿದು ನೋಡಿ. ಕುಣಿತ ನಿಂತರೆ ತಪ್ಪು ನಿಮ್ಮ ಪ್ರೋಗ್ರಾಮಿನದಲ್ಲ, ಬಂಪರಿನ ಆಕಾರದ್ದು. ಬಂಪರ್ ಬಾಗಿದ ನುಣುಪು ಮೈ. ಅದಕ್ಕೆ ಬಡಿದ ಶಬ್ದ ಸೆನ್ಸರಿಗೆ ವಾಪಸ್ ಬರದೆ ಆಚೀಚೆ ಹಾರಿಹೋಗುತ್ತದೆ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಸೆನ್ಸರನ್ನು ಒಂದು ಗೇಣು ಕೆಳಗಿಳಿಸಿ ನಂಬರ್ ಪ್ಲೇಟಿನ ಎತ್ತರಕ್ಕೆ ತಂದೆ. ಪ್ಲೇಟು ಚಪ್ಪಟೆ, ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ಪ್ರತಿಧ್ವನಿಗೆ ಅದಕ್ಕಿಂತ ಒಳ್ಳೆಯ ಜಾಗ ಕಾರಿನ ಮುಂಭಾಗದಲ್ಲಿ ಇಲ್ಲ. ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಉಳಿದರ್ಧಕ್ಕೆ ಫಿಲ್ಟರ್ ಬೇಕು, ಆದರೆ ಸರಾಸರಿ ಅಲ್ಲ. ನನ್ನ ಕಾರು 82 ಸೆಂ.ಮೀ. ದೂರದಲ್ಲಿ ನಿಂತಿದ್ದಾಗ ಬಂದ ಐದು ರೀಡಿಂಗ್ ಇವು: 83, 82, 0, 81, 214. ಸರಾಸರಿ 92, ಅಂದರೆ 10 ಸೆಂ.ಮೀ. ಸುಳ್ಳು. ಇವನ್ನೇ ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು, ಅಂದರೆ ಮೀಡಿಯನ್ ಅನ್ನು, ಎತ್ತಿಕೊಂಡರೆ 82. ಸರಾಸರಿಗೆ ಹುಚ್ಚು ರೀಡಿಂಗೂ ಒಂದು ಪಾಲು. ಮೀಡಿಯನ್‌ನಲ್ಲಿ ಅದು ಸಾಲಿನ ತುದಿಗೆ ಹೋಗಿ ಕೂರುತ್ತದೆ, ಲೆಕ್ಕಕ್ಕೇ ಬರುವುದಿಲ್ಲ.

ಆ 0 ಬಗ್ಗೆ ಹುಷಾರು. ಅದು ದೂರ ಅಲ್ಲ, "ಪ್ರತಿಧ್ವನಿ ಬರಲೇ ಇಲ್ಲ" ಎಂದರ್ಥ. ಕೊಟ್ಟ ಅವಧಿಯಲ್ಲಿ ಏನೂ ಬರದಿದ್ದರೆ `pulseIn` ಸೊನ್ನೆ ಕೊಡುತ್ತದೆ. ಅದನ್ನು ಹಾಗೇ ಬಿಟ್ಟರೆ ಖಾಲಿ ಗ್ಯಾರೇಜಿನಲ್ಲೂ ಕೆಂಪು ದೀಪ ಉರಿಯುತ್ತದೆ. ನಾನು 999 ಮಾಡಿಕೊಳ್ಳುತ್ತೇನೆ:

```
long readCm() {
  digitalWrite(TRIG, LOW);
  delayMicroseconds(2);
  digitalWrite(TRIG, HIGH);
  delayMicroseconds(10);
  digitalWrite(TRIG, LOW);
  long t = pulseIn(ECHO, HIGH, 25000);
  return t == 0 ? 999 : t / 58;
}
```

ಮೀಡಿಯನ್ನೇ 999 ಬಂದರೆ ಹಸಿರು ಹಾಕಬೇಡಿ, ಎಲ್ಲ ದೀಪ ಆರಿಸಿ. ಸೆನ್ಸರಿಗೆ ಏನೂ ಕಾಣದಿದ್ದಾಗ "ಬಾ ಬಾ" ಅನ್ನುವ ದೀಪ ಇಲ್ಲದಿರುವುದೇ ಕ್ಷೇಮ.

ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡಿ. ಅವಸರ ಮಾಡಿದರೆ ಹಿಂದಿನ ಶಬ್ದ ಗೋಡೆಗಳಿಗೆ ಬಡಿದು ತಡವಾಗಿ ಬಂದು, ಹೊಸ ಅಳತೆಯ ಉತ್ತರದಂತೆ ನಟಿಸುತ್ತದೆ. ಇದಕ್ಕೆ ಒಂದು ಬೆಲೆ ಇದೆ. ಪ್ರತಿ ಸಲ ಹಳೆಯ ಒಂದನ್ನು ಬಿಟ್ಟು ಹೊಸದನ್ನು ಸೇರಿಸಿದರೂ, ಚಲಿಸುವ ಕಾರಿಗೆ ಐದರ ಮೀಡಿಯನ್ ಎರಡು ರೀಡಿಂಗ್ ಹಿಂದಿನ ದೂರ ಹೇಳುತ್ತದೆ, ಅಂದರೆ 120 ಮಿಲಿಸೆಕೆಂಡ್ ಹಳೆಯದು. ಗಂಟೆಗೆ 3 ಕಿ.ಮೀ. ವೇಗದಲ್ಲಿ ಕಾರು ಅಷ್ಟರಲ್ಲಿ 10 ಸೆಂ.ಮೀ. ಮುಂದೆ ಬಂದಿರುತ್ತದೆ. ಕಾಲು ಬ್ರೇಕಿಗೆ ಹೋಗುವ ಹೊತ್ತು ಬೇರೆ. ಅದಕ್ಕೇ ನನಗೆ 40 ಸೆಂ.ಮೀ.ನಲ್ಲಿ ನಿಲ್ಲಬೇಕಿದ್ದರೂ ಕೆಂಪು 60ಕ್ಕೇ ಹತ್ತುತ್ತದೆ. ಐದನ್ನು ಒಂಬತ್ತು ಮಾಡಿದರೆ ಇನ್ನೂ ನಯವಾಗುತ್ತದೆ ಅಂತ ಅನ್ನಿಸಬಹುದು, ಆದರೆ ಗೋಡೆಗೆ ಕಾಯುವ ತಾಳ್ಮೆ ಇಲ್ಲ.

ಇಷ್ಟಾದ ಮೇಲೂ ಕಾರು ಸರಿಯಾಗಿ ಗಡಿಯ ಮೇಲೆ ನಿಂತರೆ 60, 61, 60 ಅಂತ ಆಡುತ್ತಾ ಕೆಂಪು-ಹಳದಿ ಮಿನುಗುತ್ತದೆ. "ಏನೋ ಇದು, ನಿಲ್ಲಲೋ ಬೇಡವೋ?" ಅಂತ ಅಪ್ಪ ಕಾರಿನೊಳಗಿಂದ ಕೂಗಿದ್ದು ಇದಕ್ಕೇ. ಒಳಗೆ ಬರುವ ಗಡಿ, ಹೊರಗೆ ಹೋಗುವ ಗಡಿ ಬೇರೆ ಬೇರೆ ಇಡಿ. 60ಕ್ಕೆ ಕೆಂಪಾದರೆ 66 ದಾಟುವ ತನಕ ಕೆಂಪಾಗೇ ಇರಲಿ. ಹಳದಿ 150ಕ್ಕೆ ಬಂದು 158 ದಾಟಿದ ಮೇಲೆ ಹೋಗಲಿ.

ಉಷ್ಣಾಂಶದ ತಿದ್ದುಪಡಿ ಹಾಕಿ ಎಂದು ಯಾರಾದರೂ ಹೇಳಬಹುದು. 20 ಡಿಗ್ರಿಯಿಂದ 35ಕ್ಕೆ ಏರಿದರೆ ಶಬ್ದದ ವೇಗ ಸುಮಾರು ಶೇ. 2.5 ಹೆಚ್ಚುತ್ತದೆ, 60 ಸೆಂ.ಮೀ.ಗೆ ಒಂದೂವರೆ ಸೆಂ.ಮೀ. ವ್ಯತ್ಯಾಸ. ಗ್ಯಾರೇಜಿಗೆ ಅದರ ಗೋಜೇ ಬೇಡ.

ರಟ್ಟು ಹಿಡಿದಾಗಲೂ ಕುಣಿತ ನಿಲ್ಲದಿದ್ದರೆ ಪಕ್ಕದಲ್ಲಿ ಏನಿದೆ ನೋಡಿ. ಶಬ್ದ ಹರಡುತ್ತಾ ಹೋಗುತ್ತದೆ, 3 ಮೀಟರ್ ದೂರದಲ್ಲಿ ಮುಕ್ಕಾಲು ಮೀಟರಿನಷ್ಟಾದರೂ ಅಗಲವಾಗಿರುತ್ತದೆ. ಅಲ್ಲಿ ಸ್ಕೂಟರ್ ಹ್ಯಾಂಡಲ್ ಇದ್ದರೂ ಸಾಕು. ಅದೂ ಅಲ್ಲದಿದ್ದರೆ ಎಲ್‌ಇಡಿ ಪಟ್ಟಿಗೆ ಬೇರೆ 5 ವೋಲ್ಟ್ ಅಡಾಪ್ಟರ್ ಕೊಟ್ಟು, ಗ್ರೌಂಡ್ ಮಾತ್ರ ಆರ್ಡುಯಿನೋ ಜೊತೆ ಸೇರಿಸಿ ನೋಡಿ. ಪಟ್ಟಿ ಹೊತ್ತಿದ ಕ್ಷಣವೇ ರೀಡಿಂಗ್ ಕೆಟ್ಟರೆ ಕಾರಣ ವೋಲ್ಟೇಜ್ ಕುಸಿತ.

ಕೊನೆಗೆ ನಾನು ಬದಲಿಸಿದ್ದು ಕೆಂಪನ್ನು. ಬೆಳಗಿನ ಬಿಸಿಲು ಗೇಟಿನಿಂದ ನೇರ ಒಳಗೆ ಬಿದ್ದಾಗ ಮೂರು ಬಣ್ಣವೂ ಅಪ್ಪನಿಗೆ ಒಂದೇ ಥರ ಕಾಣುತ್ತಿತ್ತು. ಈಗ ಕೆಂಪು ಮಾತ್ರ ಮಿಟುಕುತ್ತದೆ.