ಸೈಟ್ ಮಾಲೀಕರು ಅಗ್ರಿಮೆಂಟ್‌ನಿಂದ ಹಿಂದೆ ಸರಿದರೆ ಕೋರ್ಟ್ ನೋಂದಣಿ ಮಾಡಿಸಿಕೊಡುತ್ತದೆಯೇ?

ಪ್ರಶ್ನೆ: 48 ಲಕ್ಷಕ್ಕೆ ಒಂದು ಸೈಟ್ ಅಗ್ರಿಮೆಂಟ್ ಮಾಡಿಕೊಂಡೆ. ನೋಟರಿ ಮಾತ್ರ, ರಿಜಿಸ್ಟರ್ ಆಗಿಲ್ಲ. 8 ಲಕ್ಷ ಮುಂಗಡವನ್ನು ಬ್ಯಾಂಕ್ ಮೂಲಕ ಕೊಟ್ಟಿದ್ದೇನೆ. 4 ತಿಂಗಳ ಗಡುವಿನಲ್ಲಿ ಇನ್ನೂ 3 ವಾರ ಬಾಕಿ ಇದೆ. ಈಗ ಮಾಲೀಕರು "ಬೇರೆಯವರು ಜಾಸ್ತಿ ಕೊಡ್ತಿದ್ದಾರೆ" ಅಂತ ಹೇಳಿ, ನನ್ನನ್ನು ಕೇಳದೆ 8 ಲಕ್ಷ ವಾಪಸ್ ಹಾಕಿಬಿಟ್ಟಿದ್ದಾರೆ. ನನಗೆ ಸೈಟೇ ಬೇಕು. ಕೋರ್ಟ್ ಕೊಡಿಸುತ್ತಾ, ಇಲ್ಲಾ ಹಣ ವಾಪಸ್ ಬಂತಲ್ಲ ಅಂತ ಸುಮ್ನೆ ಇರಬೇಕಾ?

ಉತ್ತರ: ಕೊಡಿಸುತ್ತದೆ. ಆದರೆ ಈ 3 ವಾರದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ನಾನು ಜಿಲ್ಲಾ ನ್ಯಾಯಾಲಯದಲ್ಲಿ ಸಿವಿಲ್ ವಕೀಲ. ಇಂಥ ದಾವೆಗಳನ್ನು ಕೊಳ್ಳುವವರ ಪರವಾಗಿಯೂ ನಡೆಸಿದ್ದೇನೆ, ಮಾರುವವರ ಪರವಾಗಿಯೂ ನಡೆಸಿದ್ದೇನೆ. ಎರಡೂ ಕಡೆ ನಿಂತು ನೋಡಿದ್ದನ್ನೇ ಹೇಳುತ್ತೇನೆ.

ಕರಾರಿನಲ್ಲಿ ಒಪ್ಪಿದ್ದನ್ನೇ ಮಾಡಿಕೊಡಿ ಎಂದು ಕೋರ್ಟ್ ಆದೇಶ ಮಾಡುವುದಕ್ಕೆ 'ನಿರ್ದಿಷ್ಟ ಪಾಲನೆ' ಅನ್ನುತ್ತಾರೆ. ನಾವು ಕೋರ್ಟಿನ ಕಾರಿಡಾರಿನಲ್ಲಿ ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ಎಂದೇ ಹೇಳುವುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಇದು ಮೊದಲು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಬದಲಿಸಿತು. ಈಗ ಕಾಯ್ದೆಯ ಷರತ್ತುಗಳು ಪೂರ್ತಿಯಾದರೆ ಕೋರ್ಟ್ ಕೊಡಲೇಬೇಕು. 'ಬೆಲೆ ಏರಿತು' ಅನ್ನುವುದು ಮಾರುವವರಿಗೆ ತಪ್ಪಿಸಿಕೊಳ್ಳುವ ದಾರಿಯಲ್ಲ.

ಮೊದಲು ಆ 8 ಲಕ್ಷದ ವಿಷಯ. ಇದೇ ನಿಮಗೆ ಇರುವ ದೊಡ್ಡ ಅಪಾಯ. ಆ ಹಣವನ್ನು ಮುಟ್ಟಬೇಡಿ. ಅದು ಖಾತೆಯಲ್ಲಿ ಸುಮ್ಮನೆ ಕೂತರೆ, ನಾಳೆ ಅವರ ವಕೀಲರು "ಹಣ ತೆಗೆದುಕೊಂಡು ರದ್ದತಿಗೆ ಒಪ್ಪಿದ್ದಾರೆ" ಅನ್ನುತ್ತಾರೆ. ಇದು ಬರೀ ಭಯವಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ, ಮಾರುವವರು ವಾಪಸ್ ಕಳಿಸಿದ್ದ ಡಿಮ್ಯಾಂಡ್ ಡ್ರಾಫ್ಟುಗಳನ್ನು ಕೊಳ್ಳುವವರು ನಗದು ಮಾಡಿಸಿಕೊಂಡಿದ್ದರು. ಅವರಿಗೆ ಕರಾರು ಮುಂದುವರಿಸುವ ಮನಸ್ಸಿರಲಿಲ್ಲ ಎಂದೇ ಕೋರ್ಟ್ ಹೇಳಿತು.

ಹಾಗಾಗಿ ಈ ವಾರವೇ 8 ಲಕ್ಷವನ್ನು ಬಂದ ಖಾತೆಗೇ ಬ್ಯಾಂಕ್ ಮೂಲಕ ವಾಪಸ್ ಕಳಿಸಿ. ಅದೇ ದಿನ ಒಂದು ಪತ್ರ ಕಳಿಸಿ: ನಿಮ್ಮ ರದ್ದತಿಗೆ ನನ್ನ ಒಪ್ಪಿಗೆ ಇಲ್ಲ, ಮುಂಗಡವನ್ನು ಮತ್ತೆ ನಿಮ್ಮ ಖಾತೆಗೆ ಹಾಕಿದ್ದೇನೆ, ಬಾಕಿ 40 ಲಕ್ಷ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಲು ತಯಾರಿದ್ದೇನೆ. ಅವರು ಪುನಃ ನಿಮಗೇ ಹಾಕಿದರೆ, ಬೇರೆ ಠೇವಣಿಯಲ್ಲಿ ಇಟ್ಟು ಅದನ್ನೂ ಬರೆದು ತಿಳಿಸಿ. ಆಗ ನೀವು ತೋರಿಸಬೇಕಾದದ್ದು 40 ಅಲ್ಲ, ಪೂರ್ತಿ 48 ಲಕ್ಷ. ಇದನ್ನು ಮರೆಯಬೇಡಿ.

ಈಗ ಈ ದಾವೆಯ ಜೀವಾಳಕ್ಕೆ ಬರುತ್ತೇನೆ. ಕಾಯ್ದೆಯ 16(ಸಿ) ಕಲಮಿನ ಪ್ರಕಾರ, ಕೇಳಿ ಬಂದವರು ತಾವು ಮೊದಲಿನಿಂದ ಕೊನೆಯವರೆಗೆ ಸಿದ್ಧರಿದ್ದೆವು, ಮನಸ್ಸೂ ಇತ್ತು ಎಂದು ಸಾಬೀತು ಮಾಡಬೇಕು. ಸಿದ್ಧ ಅಂದರೆ ಹಣ. ಮನಸ್ಸು ಅಂದರೆ ನಿಮ್ಮ ನಡೆ. ಎರಡೂ ಬೇಕು. ಜನ ಬರುವಾಗ ಮಾಲೀಕರು ಎಷ್ಟು ಮೋಸ ಮಾಡಿದರು ಅನ್ನುವುದಕ್ಕೆ ದಾಖಲೆಗಳ ಕಟ್ಟು ತರುತ್ತಾರೆ. ತಮ್ಮ ಹಣದ ಬಗ್ಗೆ ಒಂದು ಚೀಟಿಯೂ ಇರುವುದಿಲ್ಲ. ಸೋಲುವುದು ಅಲ್ಲೇ.

ನನ್ನ ಬಳಿ ಬಂದಿದ್ದ ಒಬ್ಬರ ಕಥೆ ಹೇಳುತ್ತೇನೆ. 36 ಲಕ್ಷದ ಕರಾರು, 6 ಲಕ್ಷ ಮುಂಗಡ, ಬಾಕಿ 30 ಲಕ್ಷ. ಮಾಲೀಕರದ್ದೇ ತಪ್ಪು, ಅದರಲ್ಲಿ ಅನುಮಾನ ಇರಲಿಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲರು ಮೋಸದ ಸುದ್ದಿಗೇ ಹೋಗಲಿಲ್ಲ. "ಗಡುವಿನ ದಿನ ನಿಮ್ಮ ಖಾತೆಯಲ್ಲಿ ಎಷ್ಟಿತ್ತು?" ಎಂದು ಕೇಳಿದರು. ಪಾಸ್‌ಬುಕ್‌ನಲ್ಲಿ ಇದ್ದದ್ದು 1 ಲಕ್ಷದ 40 ಸಾವಿರ. "ಅಣ್ಣ ಕೊಡ್ತೀನಿ ಅಂದಿದ್ದ, ಉಳಿದದ್ದಕ್ಕೆ ಚಿನ್ನ ಅಡ ಇಡ್ತಿದ್ದೆ" ಅಂದರು. ಅದು ನಿಜವೇ ಇತ್ತು. ಆದರೆ ಅಣ್ಣ ಸಾಕ್ಷಿ ಹೇಳಲು ಬರಲಿಲ್ಲ. ಅಣ್ಣನ ಖಾತೆಯ ವಿವರವೂ ಇಲ್ಲ. ಕೋರ್ಟ್ ಸೈಟ್ ಕೊಡಲಿಲ್ಲ, 6 ಲಕ್ಷ ಬಡ್ಡಿ ಸಮೇತ ವಾಪಸ್ ಕೊಡಿಸಿತು ಅಷ್ಟೇ. ಆ ತೀರ್ಪು ಓದಿದ ದಿನ ನನಗೆ ಆದ ಬೇಸರ ಇನ್ನೂ ಇದೆ. ಗಡುವಿನೊಳಗೆ ಅಣ್ಣನಿಂದ ಹಣ ಖಾತೆಗೆ ಹಾಕಿಸಿಕೊಂಡಿದ್ದರೆ ಫಲಿತಾಂಶ ಬೇರೆಯೇ ಇರುತ್ತಿತ್ತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಬ್ಬರು ಶಾಲಾ ಶಿಕ್ಷಕಿ. ಅವರು ಕೊಡಬೇಕಿದ್ದ ಬಾಕಿ 27 ಲಕ್ಷ. 11 ಲಕ್ಷ ಠೇವಣಿ ಇತ್ತು. ಉಳಿದದ್ದಕ್ಕೆ ಅದೇ ಸೈಟಿನ ಮೇಲೆ 18 ಲಕ್ಷ ಸಾಲ ಮಂಜೂರಾದ ಬ್ಯಾಂಕಿನ ಪತ್ರ ಇತ್ತು. ಪತ್ರದ ದಿನಾಂಕ ಗಡುವಿಗಿಂತ ಹಿಂದಿನದು. ಒಟ್ಟು 29 ಲಕ್ಷ. ಅವರೂ ನೋಟುಗಳ ಕಂತೆ ಹಿಡಿದು ಹೋಗಿರಲಿಲ್ಲ. ಹೋಗಬೇಕಾಗಿಯೂ ಇಲ್ಲ. ಕೋರ್ಟ್ ಹೇಳುವ ತನಕ ಹಣ ಕಟ್ಟಲೇಬೇಕೆಂದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಬೇಕಾದದ್ದು ಆ ಹಣ ಎಲ್ಲಿಂದ ಬರುತ್ತಿತ್ತು ಎಂದು ತೋರಿಸುವ, ಆ ಕಾಲದ್ದೇ ಆದ ಕಾಗದ. ಅವರು ಗೆದ್ದರು.

ನಿಮ್ಮ ಬಾಕಿಯನ್ನೂ ಹೀಗೆ ಕೂಡಿಸಿ ನೋಡಿ. ಸಾಲ ಬೇಕಿದ್ದರೆ ಮಂಜೂರಾತಿ ಪತ್ರ ಗಡುವಿನೊಳಗೆ ಕೈಗೆ ಬರಬೇಕು. ನೆಂಟರು ಕೊಡುವುದಾದರೆ ಹಣ ಈಗಲೇ ನಿಮ್ಮ ಖಾತೆಗೆ ಬರಲಿ. ದಾವೆ ಹಾಕಿದ ಮೇಲೆ ಹುಟ್ಟಿದ ಕಾಗದಕ್ಕೆ ಅಷ್ಟು ಬೆಲೆ ಇಲ್ಲ.

ಮನಸ್ಸು ಇತ್ತು ಎಂದು ತೋರಿಸಲು ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಸುಮ್ಮನೆ 'ಕ್ರಯಪತ್ರ ಮಾಡಿಕೊಡಿ' ಎಂದು ಬರೆದರೆ ಸಾಲದು. ಗಡುವಿನೊಳಗಿನ ಒಂದು ದಿನ, ಗಂಟೆ ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ಹೆಸರು ಹಾಕಿ. ಆ ದಿನ ನೀವು ಅಲ್ಲಿಗೆ ಹೋಗಿ. ಕ್ರಯಪತ್ರದ ಕರಡು, ಬ್ಯಾಂಕ್ ವಿವರ, ಇಬ್ಬರು ಸಾಕ್ಷಿಗಳು ಜೊತೆಗಿರಲಿ. ಮಾಲೀಕರು ಬರಲಿಲ್ಲ ಎಂದು ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಆ ಸೀಲ್ ಮುಂದೆ ನಿಮ್ಮ ಪರವಾಗಿ ಮಾತಾಡುತ್ತದೆ. 'ಜಾಸ್ತಿ ಕೊಡ್ತಿದ್ದಾರೆ' ಎಂದು ಅವರು ವಾಟ್ಸಾಪ್‌ನಲ್ಲಿ ಬರೆದಿದ್ದರೆ ಆ ಫೋನನ್ನು ಬದಲಿಸಬೇಡಿ, ಮೆಸೇಜ್ ಅಳಿಸಬೇಡಿ.

ನೋಟರಿ ಮಾತ್ರ ಆಗಿದೆ ಎಂದು ಹೆದರಬೇಡಿ. ನೋಂದಣಿ ಆಗದ ಕರಾರನ್ನೂ ಈ ರೀತಿಯ ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಆದರೆ ಒಂದು ಸಾಲು ಹುಡುಕಿ: 'ಸ್ವಾಧೀನ ಬಿಟ್ಟುಕೊಟ್ಟಿದ್ದೇವೆ' ಎಂದು ಬರೆದಿದೆಯೇ? ಹಾಗಿದ್ದರೆ ಕರ್ನಾಟಕದಲ್ಲಿ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಕಟ್ಟದಿದ್ದರೆ ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟುವ ತನಕ ಕರಾರು ಸಾಕ್ಷ್ಯವಾಗುವುದಿಲ್ಲ. ಟೈಪ್ ಮಾಡುವವರು ಹಳೇ ನಮೂನೆಯಿಂದ ಈ ಸಾಲನ್ನು ಹಾಗೇ ಎತ್ತಿ ಹಾಕಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ನೋಂದಣಿ ಇಲ್ಲದ್ದರಿಂದ ನಿಜವಾಗಿ ಆಗುವ ತೊಂದರೆ ಬೇರೆ. ನಿಮ್ಮ ಕರಾರು ಇಸಿಯಲ್ಲಿ, ಅಂದರೆ ಋಣಭಾರ ಪತ್ರದಲ್ಲಿ, ಕಾಣುವುದಿಲ್ಲ. ಇಂದು ಯಾರೋ ಪೂರ್ತಿ ಹಣ ಕೊಟ್ಟು, ನಿಮ್ಮ ವಿಷಯ ಗೊತ್ತಿಲ್ಲದೆ ಕೊಂಡರೆ, ಕಾಯ್ದೆ ಅವರನ್ನು ಕಾಪಾಡುತ್ತದೆ. ಆ ಜಾಸ್ತಿ ಕೊಡುವವರು ಯಾರೆಂದು ಗೊತ್ತಿದ್ದರೆ ಅವರಿಗೂ ನೋಟಿಸಿನ ಪ್ರತಿ ಕಳಿಸಿ. ಗೊತ್ತಿಲ್ಲದಿದ್ದರೆ ಆ ಊರಿನಲ್ಲಿ ಓದುವ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ. ಆಮೇಲೆ 'ನನಗೆ ಗೊತ್ತೇ ಇರಲಿಲ್ಲ' ಎಂದು ಹೇಳುವುದು ಕಷ್ಟವಾಗುತ್ತದೆ. ದಾವೆ ಹಾಕಿದ ಮೇಲೆ ನಡೆಯುವ ಮಾರಾಟ ಹೇಗಿದ್ದರೂ ನಿಮ್ಮ ತೀರ್ಪಿಗೆ ತಲೆಬಾಗಬೇಕು. ಆದರೂ ದಾವೆಯ ಜೊತೆಗೇ ಪರಭಾರೆಗೆ ತಡೆಯಾಜ್ಞೆ ಕೇಳಿ. ಮೂರನೆಯವರು ಒಬ್ಬರು ನಡುವೆ ಬಂದರೆ ಕೇಸ್ ವರ್ಷಗಟ್ಟಲೆ ಉದ್ದವಾಗುತ್ತದೆ.

ದಾವೆ ಹಾಕಲು ಗಡುವು ಮುಗಿದ ದಿನದಿಂದ 3 ವರ್ಷ ಇದೆ. ಅಷ್ಟು ದಿನ ಕಾಯಬೇಡಿ. ನೋಟಿಸಿಗೆ ಉತ್ತರ ಬಂದ ಅಥವಾ ಗಡುವು ಮುಗಿದ ಕೂಡಲೇ ಹಾಕಿ. ಎರಡು ವರ್ಷ ಸುಮ್ಮನಿದ್ದು ಬಂದವರ ಮನಸ್ಸನ್ನು ಕೋರ್ಟ್ ಅನುಮಾನದಿಂದಲೇ ನೋಡುತ್ತದೆ. ಕೋರ್ಟ್ ಶುಲ್ಕ ಮುಂಗಡದ ಮೇಲಲ್ಲ, ಪೂರ್ತಿ 48 ಲಕ್ಷದ ಮೇಲೆ ಲೆಕ್ಕ ಹಾಕುತ್ತಾರೆ. ಆ ಖರ್ಚಿಗೆ ಬೇರೆ ಹಣ ಇಟ್ಟುಕೊಳ್ಳಿ, ಬಾಕಿಯ ಹಣದಿಂದ ತೆಗೆಯಬೇಡಿ.

ದಾವೆಯಲ್ಲಿ ಎರಡು ಕೋರಿಕೆ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಮಾಲೀಕರು ಕರಾರು ರದ್ದು ಎಂದು ಪತ್ರ ಕೊಟ್ಟಿದ್ದರೆ, ಆ ರದ್ದತಿ ಸರಿಯಲ್ಲ ಎಂದು ಘೋಷಿಸಿ ಅಂತಲೂ ಕೇಳಿ. ಇದನ್ನು ಕೇಳದ ಕಾರಣಕ್ಕೇ ದಾವೆ ಊರ್ಜಿತವಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದುಂಟು. ಇನ್ನೊಂದು, ಸೈಟ್ ಸಿಗದಿದ್ದರೆ ಮುಂಗಡ ಬಡ್ಡಿ ಸಮೇತ ವಾಪಸ್ ಬೇಕು ಎಂಬ ಪರ್ಯಾಯ ಕೋರಿಕೆ. ಕೇಳದೆ ಇದ್ದರೆ ಕೋರ್ಟ್ ತಾನಾಗಿ ಅದನ್ನು ಕೊಡುವುದಿಲ್ಲ. 'ತಪ್ಪಿದರೆ ಮುಂಗಡದ ಎರಡರಷ್ಟು ಕೊಡಬೇಕು' ಎಂಬ ಮಾತು ನಿಮ್ಮ ಕರಾರಿನಲ್ಲಿ ಇರಬಹುದು. ಅದನ್ನು ತೋರಿಸಿ ಮಾಲೀಕರು '16 ಲಕ್ಷ ತಗೊಂಡು ಬಿಡಿ' ಅಂದರೆ ನೀವು ಒಪ್ಪಬೇಕಿಲ್ಲ. ಹಣ ಕೊಟ್ಟು ಬಿಡಿಸಿಕೊಳ್ಳುವ ಆಯ್ಕೆ ಅವರಿಗಿದೆ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ, ಅದು ಕರಾರು ಪಾಲಿಸಲಿ ಎಂದು ಹಾಕಿದ ಬಿಗಿ ಮಾತ್ರ.

ಸಮನ್ಸ್ ತಲುಪಿದ ಮೇಲೆ 12 ತಿಂಗಳಲ್ಲಿ, ಹೆಚ್ಚೆಂದರೆ ಇನ್ನೂ 6 ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆಯಲ್ಲಿದೆ. ನಾನು ನೋಡಿದ ದಾವೆಗಳು ಅದಕ್ಕಿಂತ ತುಂಬಾ ಜಾಸ್ತಿ ಹಿಡಿದಿವೆ, ಮೇಲ್ಮನವಿ ಬೇರೆ. ಅಷ್ಟು ಕಾಲವೂ ನಿಮ್ಮ ಹಣದ ದಾರಿ ಮುಚ್ಚಬಾರದು. ಯಾಕೆಂದರೆ ತೀರ್ಪು ನಿಮ್ಮ ಪರ ಬಂದಾಗ, ಬಾಕಿ ಕಟ್ಟಲು ಕೋರ್ಟ್ ಒಂದು ಗಡುವು ಕೊಡುತ್ತದೆ. ಆ ಶಿಕ್ಷಕಿಗೆ ಕೊಟ್ಟದ್ದು 2 ತಿಂಗಳು. ಅದನ್ನು ಮೀರಿದರೆ ಕರಾರನ್ನೇ ರದ್ದು ಮಾಡಿ ಎಂದು ಎದುರಿನವರು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಶಿಕ್ಷಕಿ ಐದನೇ ವಾರದಲ್ಲೇ ಕಟ್ಟಿದರು. ಮಾಲೀಕರು ಆಮೇಲೂ ಸಹಿಗೆ ಬರಲಿಲ್ಲ. ಕೊನೆಗೆ ಅಮಲ್ಜಾರಿ ಅರ್ಜಿ ಹಾಕಿದೆವು, ಕೋರ್ಟ್ ನೇಮಿಸಿದ ಅಧಿಕಾರಿಯೇ ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಿ ನೋಂದಣಿ ಮಾಡಿಸಿಕೊಟ್ಟರು.