ಮೊದಲು ‘ಹೇಗಾಯ್ತು’ ಅಂತ ಕೇಳಿ

ಪ್ರಶ್ನೆ: ಕುವೆಂಪುನಗರದ ನನ್ನ ಗೆಳತಿ ಹದಿಮೂರು ವರ್ಷ ಸಾಕಿದ್ದ ನಾಯಿ ರಾಜ ಹೋದ ವಾರ ಸತ್ತುಹೋಯಿತು. ಕಿಡ್ನಿ ಕೆಟ್ಟಿತ್ತು. ಕೊನೆಗೆ ಡಾಕ್ಟರ್ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ‘ನಾನೇ ಸಾಯಿಸಿದೆ, ಕಣ್ಣುಬಿಟ್ಕೊಂಡು ನನ್ನನ್ನೇ ನೋಡ್ತಿದ್ದ’ ಅಂತ ಒಂದೇ ಸಮ ಅಳುತ್ತಿದ್ದಳು. ‘ನಾಯಿ ತಾನೇ, ಸಮಾಧಾನ ಮಾಡ್ಕೋ’ ಅಂದುಬಿಟ್ಟೆ. ಅವತ್ತಿಂದ ಸರಿಯಾಗಿ ಮಾತಾಡುತ್ತಿಲ್ಲ. ಈಗ ಏನು ಹೇಳಲಿ?
– ಓದುಗರು, ಮೈಸೂರು

ಪಶುವೈದ್ಯರ ಉತ್ತರ: ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಡ್ಯ ಕಡೆಯ ರೈತರೊಬ್ಬರ ನಾಯಿ ನನ್ನ ಮೇಜಿನ ಮೇಲೇ ಪ್ರಾಣ ಬಿಟ್ಟಿತು. ‘ವಯಸ್ಸಾಗಿತ್ತಲ್ಲ ಬಿಡಿ’ ಅಂದೆ. ಅವರು ಟವೆಲಿನಲ್ಲಿ ಅದನ್ನು ಸುತ್ತುತ್ತಾ, ‘ನಮ್ಮಪ್ಪನಿಗೂ ವಯಸ್ಸಾಗಿತ್ತು ಸ್ವಾಮಿ’ ಅಂದರು. ನನಗೆ ಬಾಯಿ ಬರಲಿಲ್ಲ.

ಸಾವಿನ ಮನೆಗೆ ಹೋದರೆ ನಾವು ಏನು ಮಾಡುತ್ತೇವೆ? ಪಕ್ಕದಲ್ಲಿ ಕೂತು ‘ಹೇಗಾಯ್ತು?’ ಅಂತ ಕೇಳುತ್ತೇವೆ. ಮನೆಯವರು ಅದನ್ನೇ ಹತ್ತು ಜನಕ್ಕೆ ಹತ್ತು ಸಲ ಹೇಳಿ ಸ್ವಲ್ಪ ಹಗುರಾಗುತ್ತಾರೆ. ನಾಯಿ ಸತ್ತ ಮನೆಗೆ ಹಾಗೆ ಕೇಳುವವರು ಯಾರೂ ಬರುವುದಿಲ್ಲ. ಸೂತಕ ಇಲ್ಲ, ತಿಥಿ ಇಲ್ಲ, ಆಫೀಸಿನಲ್ಲಿ ರಜೆಯೂ ಇಲ್ಲ. ಹಾಗಾಗಿ ನೀವು ಹೋಗಿ. ‘ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೆ. ರಾಜಂಗೆ ಏನಾಯ್ತು ಹೇಳು’ ಅನ್ನಿ. ಅವಳು ‘ನೋಡ್ತಿದ್ದ’ ಅಂದಿದ್ದಾಳೆ, ಗಮನಿಸಿ. ನೀವು ಬರೆದಿರುವುದು ‘ಸತ್ತುಹೋಯಿತು’ ಅಂತ. ಅವಳಿಗೆ ಅವನು ‘ಅವನು’. ನಿಮ್ಮ ಬಾಯಲ್ಲೂ ಹಾಗೇ ಬರಲಿ.

ಅವಳು ಹೇಳುವುದರಲ್ಲಿ ಎರಡು ಮಾತು ಖಂಡಿತ ಬರುತ್ತವೆ. ಒಂದು, ‘ಮೊದಲೇ ಗೊತ್ತಾಗಬೇಕಿತ್ತು’. ತಕ್ಷಣ ‘ನಿನ್ನ ತಪ್ಪೇನಿಲ್ಲ’ ಅನ್ನಬೇಡಿ. ಸುಮ್ನಿರು ಅಂದ ಹಾಗೆ ಕೇಳಿಸುತ್ತದೆ. ಪೂರ್ತಿ ಹೇಳಲು ಬಿಡಿ, ಆಮೇಲೆ ಇದನ್ನು ಹೇಳಿ: ವಯಸ್ಸಾದ ನಾಯಿಯ ಕಿಡ್ನಿ ನಿಧಾನವಾಗಿ ಕೆಡುತ್ತಾ ಹೋದಾಗ ಹೊರಗೆ ಹೆಚ್ಚೇನೂ ಕಾಣಿಸುವುದಿಲ್ಲ. ಮೊದಮೊದಲು ಸ್ವಲ್ಪ ಜಾಸ್ತಿ ನೀರು ಕುಡಿಯುತ್ತದೆ, ಜಾಸ್ತಿ ಉಚ್ಚೆ ಮಾಡುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಅದನ್ನು ಯಾರು ಕಾಯಿಲೆ ಅಂದುಕೊಳ್ಳುತ್ತಾರೆ? ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತಪರೀಕ್ಷೆಯಲ್ಲಿ ಏರುವ ಹೊತ್ತಿಗೆ ಸಾಮಾನ್ಯವಾಗಿ ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಂತಿರುತ್ತದೆ. ಊಟ ಬಿಟ್ಟು ವಾಂತಿ ಶುರುವಾದಾಗ ಕರೆತಂದವರಿಗೆ ನಾವು ಡ್ರಿಪ್ ಹಾಕಿ ಕೆಲವು ದಿನ, ಕೆಲವೊಮ್ಮೆ ಕೆಲವು ತಿಂಗಳು ಗಳಿಸಿಕೊಡಬಹುದು. ಹೋದ ಕಿಡ್ನಿ ವಾಪಸ್ ಬರುವುದಿಲ್ಲ.

ಇನ್ನೊಂದು ಆ ಕಣ್ಣಿನ ಮಾತು. ಇದು ಒಳಗೇ ಕೊರೆಯುತ್ತಿರುತ್ತದೆ. ಆ ಕೊನೆಯ ಇಂಜೆಕ್ಷನ್ನಿನಲ್ಲಿ ನಾವು ಕೊಡುವುದು ಅರಿವಳಿಕೆ ಮದ್ದನ್ನೇ, ಆದರೆ ಪ್ರಮಾಣ ಬಹಳ ಜಾಸ್ತಿ. ಮದ್ದು ರಕ್ತನಾಳಕ್ಕೆ ಹೋದ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಹೃದಯ ನಿಲ್ಲುವುದು ಆಮೇಲೆ. ರೆಪ್ಪೆ ಮುಚ್ಚಬೇಕಾದರೂ ಸ್ನಾಯು ಕೆಲಸ ಮಾಡಬೇಕಲ್ವಾ? ಮಾಡುವುದಿಲ್ಲ, ಅದಕ್ಕೇ ಕಣ್ಣು ತೆರೆದೇ ಉಳಿಯುತ್ತದೆ. ಕೆಲವು ಸಲ ಹೃದಯ ನಿಂತ ಮೇಲೂ ಒಂದೆರಡು ದೊಡ್ಡ ಉಸಿರು ಎಳೆದಂತಾಗುತ್ತದೆ, ಕಾಲು ಅದುರುತ್ತದೆ, ಉಚ್ಚೆ ಹೋಗುತ್ತದೆ. ನೋಡುವವರಿಗೆ ಒದ್ದಾಡಿದ ಹಾಗೆ ಕಾಣುತ್ತದೆ, ಆದರೆ ಅಷ್ಟು ಹೊತ್ತಿಗೆ ಅವನಿಗೆ ಏನೂ ಗೊತ್ತಾಗುತ್ತಿರುವುದಿಲ್ಲ. ನಾವು ಡಾಕ್ಟರುಗಳು ಇದನ್ನು ಮೊದಲೇ ಹೇಳಬೇಕು, ಗಡಿಬಿಡಿಯಲ್ಲಿ ಎಷ್ಟೋ ಸಲ ಹೇಳುವುದಿಲ್ಲ. ನಿಮ್ಮ ಮಾತಿನ ಮೇಲೆ ಅವಳಿಗೆ ನಂಬಿಕೆ ಬರದಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರ ಜೊತೆಗೆ ಹೋಗಿ ಕೇಳಿಸಿ. ಐದು ನಿಮಿಷದ ಮಾತು.

ಒಂದು ಎಚ್ಚರಿಕೆ. ಎಲ್ಲ ಸಾವಿಗೂ ಹೀಗೆ ಹೇಳಲು ಬರುವುದಿಲ್ಲ. ಗೇಟು ತೆರೆದಿಟ್ಟು ನಾಯಿ ಗಾಡಿಗೆ ಸಿಕ್ಕಿದ್ದರೆ, ಲಸಿಕೆ ಹಾಕಿಸದೆ ಮರಿ ಪಾರ್ವೋ ಅನ್ನುವ ವೈರಸ್ ಕಾಯಿಲೆಯಿಂದ ಸತ್ತಿದ್ದರೆ, ತಪ್ಪೇ ಇಲ್ಲ ಅಂತ ಸುಳ್ಳು ಹೇಳಬೇಡಿ. ಸುಮ್ನೆ ಜೊತೆಗೆ ಕೂತಿರಿ.

‘ಇನ್ನೊಂದು ಮರಿ ತರೋಣ’ ಅನ್ನುವುದನ್ನು ಅವಳ ಬಾಯಿಂದ ಬರುವವರೆಗೂ ಎತ್ತಬೇಡಿ. ತಟ್ಟೆ, ಬೆಲ್ಟು, ಮಲಗುತ್ತಿದ್ದ ಗೋಣಿಚೀಲ ಯಾವುದನ್ನೂ ನೀವಾಗಿ ಎತ್ತಿಡಬೇಡಿ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟರೆ ಅಥವಾ ಸಾಯುವ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು.

ಮತ್ತೆ, ಇಂಥವರಿಗೆ ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದು ಗೊತ್ತಾ? ನಾಯಿಯನ್ನು ವಾಕಿಂಗ್ ಕರೆದೊಯ್ಯುತ್ತಿದ್ದ ಹೊತ್ತು. ಹದಿಮೂರು ವರ್ಷದ ಅಭ್ಯಾಸ, ಎಚ್ಚರ ತಾನಾಗೇ ಆಗುತ್ತದೆ, ಕೈ ಬೆಲ್ಟು ಹುಡುಕುತ್ತದೆ. ರಾಜ ಎಷ್ಟು ಹೊತ್ತಿಗೆ ಹೊರಡುತ್ತಿದ್ದ ಅಂತ ಕೇಳಿಕೊಳ್ಳಿ. ನಾಳೆ ಆ ಹೊತ್ತಿಗೆ ಅವಳ ಗೇಟಿನ ಹತ್ತಿರ ಇರಿ. ಅವನು ಹೋಗುತ್ತಿದ್ದ ದಾರಿಯಲ್ಲೇ ಹೋಗೋಣವಾ, ಬೇರೆ ಕಡೆನಾ, ಅವಳನ್ನೇ ಕೇಳಿ.