ಉಳಿದಿಬ್ಬರು ಮಾಂತ್ರಿಕರು ಏನಾದರು?

*ಸಂಪಾದಕರೇ, ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿ ಮುಗಿಸಿದೆ. ಮಾಂತ್ರಿಕರು ಐವರು ಎಂದು ಒಂದು ಕಡೆ ಬರುತ್ತದೆ, ಆದರೆ ಕಥೆಯಲ್ಲಿ ಕಾಣುವವರು ಮೂವರೇ. ಮಿಕ್ಕಿಬ್ಬರ ಗತಿ ಏನಾಯಿತೆಂದು ಟೋಲ್ಕಿನ್‌ ಅವರಿಗೆ ಯಾರಾದರೂ ಕಾಗದ ಬರೆದು ಕೇಳಿದ್ದರೇ? ಈಗ ಓದುತ್ತಿರುವ ಇನ್ನೊಂದು ಕಾದಂಬರಿಯಲ್ಲೂ ನಾಯಕಿಯನ್ನು ಹೊಳೆ ದಾಟಿಸಿದ ಅಂಬಿಗ ಮತ್ತೆ ಬರುವುದೇ ಇಲ್ಲ. ಅದರ ಲೇಖಕರು ಬದುಕಿದ್ದಾರೆ. ಅವರಿಗೆ ಹೇಗೆ ಬರೆಯಲಿ?*
— ಓದುಗರೊಬ್ಬರು, ಹಾಸನ

ಕೇಳಿದ್ದರು, ಉತ್ತರವೂ ಬಂದಿತ್ತು. ರೋನಾ ಬೇರ್ ಎಂಬ ಓದುಗರು 1958ರಲ್ಲಿ ಟೋಲ್ಕಿನ್‌ಗೆ ಒಂದಷ್ಟು ಪ್ರಶ್ನೆಗಳನ್ನು ಕಳುಹಿಸಿದರು. ಆ ಪುಸ್ತಕದ ಅಭಿಮಾನಿಗಳು ಸೇರುವ ಸಭೆಯಲ್ಲಿ ಉತ್ತರಗಳನ್ನು ಹಂಚಿಕೊಳ್ಳುವುದು ಅವರ ಉದ್ದೇಶವಾಗಿತ್ತು. ಟೋಲ್ಕಿನ್ ಅಕ್ಟೋಬರ್ 14ರಂದು ದೀರ್ಘವಾಗಿ ಉತ್ತರಿಸಿದರು. 1981ರಲ್ಲಿ ಅಚ್ಚಾದ ಅವರ ಪತ್ರಸಂಗ್ರಹದಲ್ಲಿ ಅದು 211ನೆಯ ಪತ್ರ.

ಬೇರ್ ಕೇಳಿದ ರೀತಿಯನ್ನು ಗಮನಿಸಿ. ಪುಸ್ತಕದಲ್ಲಿ ಸೂಚನೆ ಮಾತ್ರ ಇದ್ದು ಹೆಸರಿಲ್ಲದ ಆ ಇಬ್ಬರ ಬಣ್ಣ ಯಾವುದು ಎಂದು ಅವರು ಕೇಳಿದರು. ಸರುಮಾನ್ ಬಿಳಿ, ಗ್ಯಾಂಡಾಲ್ಫ್ ಬೂದು, ರಾಡಗಾಸ್ಟ್ ಕಂದು ಎಂಬುದು ಪುಸ್ತಕದಲ್ಲೇ ಇರುವುದರಿಂದ ಈ ಪ್ರಶ್ನೆಗೆ ಪಠ್ಯದಲ್ಲಿ ಕಾಲೂರಲು ಜಾಗವಿತ್ತು. ತಮಗೇ ಗೊತ್ತಿಲ್ಲದ್ದರಿಂದ ಬಣ್ಣ ಹೇಳಿಲ್ಲ, ಪ್ರತ್ಯೇಕ ಬಣ್ಣವಿತ್ತೋ ಎಂಬುದೇ ಅನುಮಾನ ಎಂದು ಟೋಲ್ಕಿನ್ ಬರೆದರು. ವಾಯವ್ಯದ ಸಣ್ಣ ಪ್ರದೇಶದಲ್ಲೇ ಉಳಿದ ಮೂವರನ್ನು ಬೇರೆ ಬೇರೆಯಾಗಿ ಗುರುತಿಸಲಷ್ಟೇ ಬಣ್ಣ ಬೇಕಿತ್ತು ಎಂಬುದು ಅವರು ಕೊಟ್ಟ ಕಾರಣ. ಅದೇ ಪತ್ರದಲ್ಲಿ ನಿಮ್ಮ ಪ್ರಶ್ನೆಗೂ ಉತ್ತರವಿದೆ. ಅವರಿಬ್ಬರೂ ದೂರದ ಪೂರ್ವಕ್ಕೆ, ದಕ್ಷಿಣಕ್ಕೆ, ಶತ್ರುವಿನ ಹಿಡಿತದಲ್ಲಿದ್ದ ನಾಡುಗಳಿಗೆ ಹೋಗಿರಬೇಕು. ಗೆದ್ದರೋ ಇಲ್ಲವೋ ತಿಳಿಯದು, ಸರುಮಾನನಂತೆ ಅಲ್ಲದಿದ್ದರೂ ಬೇರೆ ರೀತಿಯಲ್ಲಿ ಸೋತರೇನೋ ಎಂಬ ಭಯ ತಮಗಿದೆ. ಆ ಶತ್ರು ಸೌರಾನ್ ಅಳಿದ ಮೇಲೂ ಉಳಿದುಕೊಂಡ ಗುಪ್ತ ಪಂಥಗಳು, ಮಂತ್ರವಿದ್ಯೆಯ ಪರಂಪರೆಗಳು ಬಹುಶಃ ಅವರಿಂದಲೇ ಹುಟ್ಟಿದವು ಎಂಬುದು ಅವರ ಗುಮಾನಿ.

ಇಷ್ಟಕ್ಕೇ ‘ಸೋತರು’ ಎಂದು ಷರಾ ಬರೆದು ಮುಗಿಸಬೇಡಿ. ಈ ಪತ್ರದ ಹಿಂದೆಯೂ ಮುಂದೆಯೂ ಬೇರೆ ಬರಹಗಳಿವೆ.

ಸುಮಾರು 1954ರಲ್ಲಿ, ಅಂದರೆ ಈ ಪತ್ರಕ್ಕೆ ನಾಲ್ಕು ವರ್ಷ ಮೊದಲೇ, ಟೋಲ್ಕಿನ್ ಮಾಂತ್ರಿಕರ ಬಗ್ಗೆ ಒಂದು ಪ್ರಬಂಧ ಬರೆದಿಟ್ಟಿದ್ದರು. ಅದರಲ್ಲಿ ಇಬ್ಬರಿಗೂ ಕಡಲ ನೀಲಿ ಉಡುಪು. ಸರುಮಾನನ ಜೊತೆ ಪೂರ್ವಕ್ಕೆ ಹೋದರು, ಮರಳಲಿಲ್ಲ. ಅಲ್ಲೇ ತಮ್ಮ ಕೆಲಸ ಮುಂದುವರಿಸಿದರೋ, ಸತ್ತರೋ, ಸೌರಾನನ ಬಲೆಗೆ ಬಿದ್ದು ಅವನ ಸೇವಕರಾದರೋ ತಿಳಿಯದು ಎಂದು ಅಲ್ಲಿದೆ. ಬಣ್ಣವೇ ಗೊತ್ತಿಲ್ಲ ಎಂದು 1958ರಲ್ಲಿ ಬರೆದವರು ಮೊದಲೇ ನೀಲಿ ಎಂದು ಬರೆದಿಟ್ಟುಕೊಂಡಿದ್ದರು ಎಂದಾಯಿತು. ಆ ಪ್ರಬಂಧವೂ, ಅಲತಾರ್ ಮತ್ತು ಪಲಾಂಡೋ ಎಂಬ ಹೆಸರುಗಳಿರುವ ಇನ್ನೊಂದು ಅವಸರದ ಟಿಪ್ಪಣಿಯೂ ಅವರು ತೀರಿಕೊಂಡ ಮೇಲೆ, 1980ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿದ ‘ಅನ್‌ಫಿನಿಶ್ಡ್ ಟೇಲ್ಸ್’ನಲ್ಲಿ ಬಂದವು.

ಬದುಕಿನ ಕೊನೆಯ ದಿನಗಳಲ್ಲಿ (ಅವರು ತೀರಿಕೊಂಡದ್ದು 1973ರ ಸೆಪ್ಟೆಂಬರ್‌ನಲ್ಲಿ) ಮತ್ತೆ ಇದನ್ನೇ ಕೈಗೆತ್ತಿಕೊಂಡಾಗ ಕಥೆ ಪೂರಾ ತಿರುಗಿತು. ಇಲ್ಲಿ ಆ ಇಬ್ಬರ ಹೆಸರು ಮೊರಿನೆಹ್ತಾರ್ ಮತ್ತು ರೋಮೆಸ್ತಾಮೋ. ಅವರು ಬರುವುದು ಕಾದಂಬರಿಯ ಕಥೆ ನಡೆಯುವ ಮೂರನೆಯ ಯುಗದಲ್ಲಲ್ಲ, ಬಹಳ ಹಿಂದೆ, ಎರಡನೆಯ ಯುಗದಲ್ಲಿ. ಸೌರಾನನ ಅಡಗುದಾಣವನ್ನು ಪತ್ತೆಮಾಡುವುದರಲ್ಲಿ ಸೋತರೂ ಪೂರ್ವದಲ್ಲಿ ದಂಗೆಯೆಬ್ಬಿಸಿ, ಒಡಕು ಮೂಡಿಸಿ ಅವನ ಬಲ ಕುಗ್ಗಿಸಿದರು. ಅದಾಗದಿದ್ದರೆ ಪೂರ್ವದ ಸೇನೆ ಸಂಖ್ಯೆಯಲ್ಲಿ ಪಶ್ಚಿಮವನ್ನು ಮೀರಿಬಿಡುತ್ತಿತ್ತು. ಇದು 1996ರ ‘ದಿ ಪೀಪಲ್ಸ್ ಆಫ್ ಮಿಡ್ಲ್-ಅರ್ತ್’ ಸಂಪುಟದಲ್ಲಿದೆ. ನನಗೆ ಹೆಚ್ಚು ಹಿಡಿಸುವುದೂ ಇದೇ. ಪಶ್ಚಿಮದ ಗೊಂಡೋರ್ ರಾಜ್ಯ ಕೊನೆಗೆ ಹೇಗೆ ಉಳಿದುಕೊಂಡಿತು ಎಂಬುದಕ್ಕೆ ಇದರಲ್ಲಿ ಇನ್ನೊಂದು ಕಾರಣ ಸಿಗುತ್ತದೆ. ಆದರೆ ನನಗೆ ಹಿಡಿಸಿತು ಎಂಬುದು ಪುರಾವೆಯಲ್ಲ.

ಎಡವಟ್ಟಾಗುವುದು ಇಲ್ಲೇ. ಒಂದು ಬರಹದ ಹೆಸರು, ಇನ್ನೊಂದರ ಕಾಲ, ಮತ್ತೊಂದರ ಸೋಲು ಎಲ್ಲವನ್ನೂ ಬೆರೆಸಿ ಒಂದೇ ಜೀವನಚರಿತ್ರೆ ಮಾಡಿದ ಲೇಖನಗಳು ಸಾಕಷ್ಟಿವೆ. ಅಲತಾರ್ ಎಂಬ ಹೆಸರಿಟ್ಟು ಎರಡನೆಯ ಯುಗಕ್ಕೆ ಕರೆತಂದರೆ ಅದು ಬೆರಕೆ ಎಂದು ತಿಳಿಯಿರಿ, ಏಕೆಂದರೆ ಎರಡೂ ಬೇರೆ ಬೇರೆ ಟಿಪ್ಪಣಿಗಳ ಮಾತು. ಯಾವ ವಿವರ ಸಿಕ್ಕರೂ ಬರೆದ ವರ್ಷ ಯಾವುದು, ಲೇಖಕರೇ ಅಚ್ಚಿಗೆ ಕೊಟ್ಟದ್ದೋ, ಯಾರಿಗಾದರೂ ಬರೆದ ಕಾಗದವೋ, ಕಪಾಟಿನಲ್ಲಿ ಉಳಿದ ಕರಡೋ ಎಂದು ನೋಡಿ. ಅವರೇ ಅಚ್ಚು ಹಾಕಿಸಿದ ಕಾದಂಬರಿಯಲ್ಲಿ ಸರುಮಾನನ ಬಾಯಲ್ಲಿ ಐವರು ಮಾಂತ್ರಿಕರ ದಂಡಗಳ ಮಾತು ಬರುತ್ತದೆ. ಇಬ್ಬರ ಗತಿ ಅಲ್ಲಿಲ್ಲ. ಮಿಕ್ಕದ್ದೆಲ್ಲ ಲೇಖಕರು ಆಯಾ ಹೊತ್ತಿಗೆ ಯೋಚಿಸಿದ್ದು.

ಹಾಗೆಂದು ಕಾಗದ ಬರೆಯುವುದು ವ್ಯರ್ಥವಲ್ಲ. ಎಲ್ವ್‌ಗಳು ಲಗಾಮಿಲ್ಲದೆ ಸವಾರಿ ಮಾಡುವವರಾದರೆ ಅವರಲ್ಲೊಬ್ಬನಾದ ಗ್ಲೋರ್ಫಿಂಡೆಲ್‌ನ ಕುದುರೆಗೆ ಲಗಾಮು, ಕಡಿವಾಣ ಹೇಗೆ ಬಂತು ಎಂದೂ ಬೇರ್ ಕೇಳಿದ್ದರು. ಅಜಾಗರೂಕತೆಯಿಂದ ಆ ಮಾತು ಬಳಸಿದೆ, ಬರೀ ತಲೆಪಟ್ಟಿ ಎನ್ನಬೇಕಿತ್ತು ಎಂದು ಟೋಲ್ಕಿನ್ ಒಪ್ಪಿಕೊಂಡರು. 1960ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ ಅದು ತಿದ್ದುಪಡಿಯಾಗಿ ಬಂತು. ಒಬ್ಬ ಓದುಗರ ಪ್ರಶ್ನೆ ಪಠ್ಯವನ್ನೇ ಬದಲಿಸಿದ್ದು ಹೀಗೆ.

ಈಗ ನಿಮ್ಮ ಅಂಬಿಗನ ವಿಚಾರ. ಬರೆಯುವ ಮುಂಚೆ ಪುಸ್ತಕದ ಅನುಬಂಧ, ಹೊಸ ಆವೃತ್ತಿಯ ಮುನ್ನುಡಿ, ಅದೇ ಲೋಕದ ಸಣ್ಣಕತೆಗಳು, ಲೇಖಕರ ಜಾಲತಾಣದ ಪ್ರಶ್ನೋತ್ತರ ಇಷ್ಟನ್ನೂ ನೋಡಿಬಿಡಿ. ಅನುವಾದದಲ್ಲಿ ಓದುತ್ತಿದ್ದರೆ ಮೂಲದ ಆ ಅಧ್ಯಾಯವನ್ನೂ ತೆರೆಯಿರಿ. ಸಂಕ್ಷೇಪಿಸುವಾಗ ಒಂದು ಸಾಲು ಬಿಟ್ಟುಹೋಗಿ ಪಾತ್ರ ಕಾಣೆಯಾದದ್ದೂ ಇರಬಹುದು. ಅನುವಾದದ ಪುಟಸಂಖ್ಯೆ ಲೇಖಕರಿಗೆ ಉಪಯೋಗವಿಲ್ಲ, ಅಧ್ಯಾಯದ ಹೆಸರು ಕೊಡಿ.

ಕಾಗದ ಒಂದು ಪುಟ ಮೀರದಿರಲಿ, ಪ್ರಶ್ನೆ ಒಂದೇ ಇರಲಿ. ‘ಅಂಬಿಗ ಏನಾದ?’ ಎಂದು ಕೇಳಿದರೆ ‘ನೀವೇ ಊಹಿಸಿಕೊಳ್ಳಿ’ ಎಂದುಬಿಡುವುದು ಸುಲಭ. ಹೀಗೆ ಬರೆಯಿರಿ:

“ಎರಡನೆಯ ಸಂಪುಟದಲ್ಲಿ, ಹೊಳೆ ದಾಟುವ ಅಧ್ಯಾಯದ ಕೊನೆಗೆ, ಅಂಬಿಗ ದೋಣಿಯನ್ನು ಈಚೆ ದಡದಲ್ಲೇ ಕಟ್ಟುತ್ತಾನೆ. ಮುಂದಿನ ಅಧ್ಯಾಯದಲ್ಲಿ ಶತ್ರುಗಳು ಆಚೆ ದಡದ ಊರನ್ನು ಸುಡುತ್ತಾರೆ. ಆಗ ಅವನು ಯಾವ ದಡದಲ್ಲಿದ್ದ?”

ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಲೇಖಕರಿಗೆ ಗೊತ್ತಿಲ್ಲದಿದ್ದರೆ ಯಾಕೆ ಯೋಚಿಸಲಿಲ್ಲ ಎಂಬುದಾದರೂ ಹೊರಬರುತ್ತದೆ, ಬೇರ್‌ಗೆ ಬಣ್ಣದ ವಿಚಾರದಲ್ಲಿ ಸಿಕ್ಕ ಹಾಗೆ.

ಅಂಬಿಗ ಹೀಗಾಗಿರಬಹುದು ಎಂಬ ನಿಮ್ಮ ಊಹೆಯನ್ನು ಮಾತ್ರ ಸೇರಿಸಬೇಡಿ. ನಾಳೆ ಮುಂದಿನ ಸಂಪುಟದಲ್ಲಿ ಅದೇ ಬಂದರೆ ಕದ್ದರು ಎಂಬ ತಕರಾರು ಏಳಬಹುದೆಂದು ಎಷ್ಟೋ ಲೇಖಕರು ಓದುಗರ ಕಥಾಸಲಹೆಗಳನ್ನು ಓದುವುದೇ ಇಲ್ಲ. ಸರಣಿ ಇನ್ನೂ ಮುಗಿಯದಿದ್ದರೆ ಕೊನೆಯ ಸಂಪುಟದವರೆಗೆ ಕಾಯುವುದು ಮೇಲು. ಅವನು ಮರಳುವುದಿದ್ದರೆ ಲೇಖಕರು ಈಗ ಬಾಯಿ ಬಿಡುವುದಿಲ್ಲ.

ವಿಳಾಸಕ್ಕೆ ಪುಸ್ತಕದ ಹಕ್ಕುಸ್ವಾಮ್ಯದ ಪುಟ ನೋಡಿ. ಲಕೋಟೆಯ ಮೇಲೆ ಲೇಖಕರ ಹೆಸರು ಬರೆದು, ಅದರ ಕೆಳಗೆ ಪ್ರಕಾಶಕರ ಮೂಲಕ ಎಂದು ಸೇರಿಸಿ. ಅಲ್ಲಿಂದ ಕಾಗದ ಲೇಖಕರ ಕೈ ಸೇರಲು ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ನಿಮ್ಮ ಕಾಗದದ ಪ್ರತಿ ಇಟ್ಟುಕೊಳ್ಳಿ. ಉತ್ತರ ಬಂದರೆ ಅದರ ತಾರೀಖನ್ನು ಪ್ರತಿಯ ಮೇಲೆ ಗುರುತು ಮಾಡಿ. ಆ ಉತ್ತರವನ್ನು ನಮ್ಮ ಪತ್ರಿಕೆಗೆ ಕಳುಹಿಸುವ ಮುನ್ನ ಲೇಖಕರ ಒಪ್ಪಿಗೆ ಕೇಳಿ. ನಿಮಗೆ ಬಂದ ಕಾಗದ ನಿಮ್ಮದಾದರೂ ಅದರಲ್ಲಿರುವ ಬರಹದ ಹಕ್ಕು ಅವರದೇ.

— ಸಂಪಾದಕ